ಐದು ಸಾವಿರ ತೆನೆಗಳ ಲೆಕ್ಕ

ಮೊರದಲ್ಲಿ ಹರಡಿದ ಬಿಳಿಯ ಅಕ್ಕಿಯ ನಡುವೆ ಕೆಂಪು ಕಾಳೊಂದು ಕಂಡರೆ ಗೃಹಿಣಿ ಅದನ್ನು ಎರಡು ಬೆರಳಿನಿಂದ ಎತ್ತಿ ಹೊರಗೆಸೆಯುತ್ತಾಳೆ. ಅಲ್ಲಿಗೆ ಆ ವಿಷಯ ಮುಗಿಯಿತು. ಅದೇ ಕಾಳು ಮಿಲ್ಲಿಗೆ ಹೋಗದೆ ಬಿತ್ತನೆಯ ಚೀಲವನ್ನು ಸೇರಿದ್ದರೆ ವಿಷಯ ಮುಗಿಯುತ್ತಿರಲಿಲ್ಲ. ಅದು ಮೊಳೆತು, ತೆಂಡೆಯೊಡೆದು, ಹಲವು ತೆನೆಗಳನ್ನು ಹೊತ್ತು, ಕೊಯ್ಲಿಗೆ ಮುನ್ನವೇ ತನ್ನ ಕಾಳುಗಳನ್ನು ಗದ್ದೆಗೆ ಉದುರಿಸಿ, ಮುಂದಿನ ಬೆಳೆಯಲ್ಲಿ ಕರೆಯದೆ ಬಂದ ನೆಂಟನಂತೆ ತಲೆಯೆತ್ತುತ್ತಿತ್ತು. ಬಿತ್ತನೆ ಬೀಜದ ಚೀಲದ ಬಾಯಿಗೆ ಹೊಲಿದಿರುವ ನೀಲಿ ಚೀಟಿಯ ಹಿಂದಿರುವುದು ಈ ಒಂದು ಕಾಳನ್ನು ಗದ್ದೆಯಲ್ಲಿಯೇ ತಡೆಯುವ ಯತ್ನ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ನೀರಾವರಿ ಗದ್ದೆಗಳಲ್ಲಿ ಬೆಳೆಯುವ ಭತ್ತವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಆಂಧ್ರದ ಬಾಪಟ್ಲದಲ್ಲಿ ರೂಪುಗೊಂಡು ಬಿಪಿಟಿ 5204 ಎಂಬ ಸಂಖ್ಯೆಯಿಂದ ಗುರುತಾದ ಸಣ್ಣಕ್ಕಿಯ ತಳಿಯನ್ನು ಒಬ್ಬ ರೈತ ಬಿತ್ತಬೇಕೆಂದಿದ್ದಾನೆ ಎನ್ನೋಣ. ಆ ತಳಿಯ ಅಚ್ಚ ಬೀಜ ತಳಿವಿಜ್ಞಾನಿಗಳ ಮೇಲ್ವಿಚಾರಣೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ತಯಾರಾಗುತ್ತದೆ. ಇದಕ್ಕೆ ತಳಿವರ್ಧಕ ಬೀಜವೆಂದು ಹೆಸರು. ಇದರ ಚೀಟಿ ಹೊಂಬಣ್ಣದ್ದು. ಇದನ್ನು ಬಿತ್ತಿ ಬೆಳೆದದ್ದು ಮೂಲ ಬೀಜ. ಅದರ ಚೀಟಿ ಬಿಳಿ. ಮೂಲ ಬೀಜವನ್ನು ಬಿತ್ತಿ ಬೆಳೆದದ್ದು ಪ್ರಮಾಣಿತ ಬೀಜ. ಅದರ ಚೀಟಿ ನೀಲಿ. ಸಾಮಾನ್ಯ ರೈತನ ಕೈಗೆ ಬರುವುದು ಈ ಮೂರನೆಯದು.

ಇಷ್ಟು ಮೆಟ್ಟಿಲುಗಳೇಕೆ ಎಂದು ಕೇಳಬಹುದು. ಭತ್ತದ ಬೀಜ ಒಂದು ಬೆಳೆಗೆ ಸುಮಾರು ಎಂಬತ್ತು ಪಟ್ಟು ಹೆಚ್ಚುತ್ತದೆಂಬುದು ಬೀಜೋತ್ಪಾದಕರ ರೂಢಿಯ ಲೆಕ್ಕ. ಒಂದು ಕಿಲೋ ತಳಿವರ್ಧಕ ಬೀಜದಿಂದ 80 ಕಿಲೋ ಮೂಲ ಬೀಜ, ಅದರಿಂದ 6,400 ಕಿಲೋ ಪ್ರಮಾಣಿತ ಬೀಜ. ನಾಟಿಗೆ ಎಕರೆಗೆ 25 ಕಿಲೋದಂತೆ ಇದು ಸುಮಾರು 250 ಎಕರೆಗೆ ಸಾಲುತ್ತದೆ. ಬೀಜ ಹೆಚ್ಚುವ ಈ ಏಣಿಯಲ್ಲಿ ಬೆರಕೆಯೂ ಬೀಜದೊಡನೆಯೇ ಹೆಚ್ಚುತ್ತದೆ. ಆದುದರಿಂದಲೇ ಮೇಲಿನ ಮೆಟ್ಟಿಲಿನಲ್ಲಿ ನಿಯಮ ಬಿಗಿ, ಕೆಳಗಿನದರಲ್ಲಿ ಕೊಂಚ ಸಡಿಲ.

1966ರಲ್ಲಿ ಸಂಸತ್ತು ಅಂಗೀಕರಿಸಿದ ಬೀಜ ಅಧಿನಿಯಮ ಈ ವ್ಯವಸ್ಥೆಗೆ ತಳಹದಿ ಹಾಕಿತು. ಕರ್ನಾಟಕದಲ್ಲಿ ಈ ಹೊಣೆ ರಾಜ್ಯದ ಬೀಜ ಪ್ರಮಾಣನ ಸಂಸ್ಥೆಯದು. ಬೀಜ ಬೆಳೆಯುವವನು ಮೊದಲು ತನ್ನ ತಾಕನ್ನು ಅಲ್ಲಿ ನೋಂದಾಯಿಸಿ, ತಾನು ಬಿತ್ತಿದ ಮೂಲ ಬೀಜದ ಚೀಟಿಗಳನ್ನೂ ರಸೀದಿಯನ್ನೂ ತೋರಿಸಬೇಕು. ಬೀಜದ ವಂಶಾವಳಿಯೇ ಗೊತ್ತಿಲ್ಲದಿದ್ದರೆ ಬೆಳೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಭತ್ತದ ತಾಕಿಗೆ ಹೂ ಬಿಡುವ ಕಾಲದಿಂದ ಕೊಯ್ಲಿನವರೆಗೆ ಕನಿಷ್ಠ ಎರಡು ಸಲ ತಪಾಸಣೆ ನಡೆಯುತ್ತದೆ. ತಪಾಸಣಾಧಿಕಾರಿ ಮೊದಲು ನೋಡುವುದು ಬದುವನ್ನು: ಪಕ್ಕದ ಬೇರೆ ಭತ್ತಕ್ಕೂ ಈ ತಾಕಿಗೂ ಮೂರು ಮೀಟರು ಅಂತರವಿದೆಯೆ? ಭತ್ತದ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವುದರಿಂದ ಇಷ್ಟೇ ಅಂತರ ಸಾಕಾಗುತ್ತದೆ. ಭತ್ತಕ್ಕೆ ಅಪಾಯ ಹೆಚ್ಚಾಗಿ ಗಾಳಿಯಿಂದ ಬರುವುದಿಲ್ಲ. ಹಿಂದಿನ ಬೆಳೆಯಿಂದ ಉದುರಿ ತಾನೇ ಮೊಳೆತ ಕಾಳಿನಿಂದ, ಸಸಿಮಡಿಯ ಬೆರಕೆಯಿಂದ, ಕಣದಲ್ಲಿ ಉಳಿದ ಹಳೆಯ ಭತ್ತದಿಂದ ಬರುತ್ತದೆ.

ಬಳಿಕ ಎಣಿಕೆ. ಐದು ಎಕರೆಯವರೆಗಿನ ತಾಕಿನಲ್ಲಿ ಐದು ಕಡೆ, ಒಂದೊಂದು ಕಡೆಯೂ ಸಾವಿರ ತೆನೆಗಳಂತೆ, ಒಟ್ಟು ಐದು ಸಾವಿರ ತೆನೆಗಳನ್ನು ನೋಡಬೇಕು. ಉಳಿದವುಗಳಿಗಿಂತ ಎತ್ತರವಾದದ್ದು, ಮೊದಲೇ ಹೂ ಬಿಟ್ಟದ್ದು, ಕಾಳಿಗೆ ಮೀಸೆಯಿರುವುದು, ಹೊಟ್ಟಿನ ಬಣ್ಣ ಬೇರೆಯಾದದ್ದು ಬೆರಕೆಯೆಂದು ಲೆಕ್ಕಕ್ಕೆ ಸೇರುತ್ತದೆ. ಪ್ರಮಾಣಿತ ಬೀಜದ ತಾಕಿನಲ್ಲಿ ಇದು ಶೇಕಡಾ 0.20ನ್ನು ಮೀರಬಾರದು, ಎಂದರೆ ಐದು ಸಾವಿರಕ್ಕೆ ಹತ್ತು ತೆನೆ. ಮೂಲ ಬೀಜಕ್ಕೆ ಮಿತಿ ಶೇಕಡಾ 0.05, ಅಲ್ಲಿ ಎರಡು ತೆನೆಗೆ ಕ್ಷಮೆಯುಂಟು, ಮೂರನೆಯದಕ್ಕಿಲ್ಲ. ಕಾಡು ಭತ್ತದ ವಿಷಯದಲ್ಲಂತೂ ಪ್ರಮಾಣಿತ ಬೀಜದಲ್ಲಿಯೇ ಐದು ಸಾವಿರಕ್ಕೆ ಒಂದೇ ಗಿಡ ಮಿತಿ. ಕೆಂಪು ಕಾಳಿನ ಮೂಲ ಹೆಚ್ಚಾಗಿ ಅದೇ ತಾನೆ?

ಪ್ರಮಾಣಿತ ಬೀಜದ ಐದು ಎಕರೆಯ ತಾಕೊಂದರಲ್ಲಿ ಹದಿಮೂರು ಬೆರಕೆ ತೆನೆಗಳು ಸಿಕ್ಕವೆಂದು ಊಹಿಸೋಣ. ಮಿತಿ ಮೀರಿತು, ಆದರೂ ತೀರ್ಪು ಅಲ್ಲಿಗೇ ಆಗುವುದಿಲ್ಲ. ದೋಷ ಮಿತಿಯ ಎರಡು ಪಟ್ಟನ್ನು ದಾಟದಿದ್ದರೆ ಬೇರೆ ಕಡೆಗಳಲ್ಲಿ ಮತ್ತೆ ಅಷ್ಟೇ ತೆನೆಗಳನ್ನು ಎಣಿಸಿ ಸರಾಸರಿ ತೆಗೆಯುತ್ತಾರೆ. ಎರಡನೆಯ ಸಲ ಐದು ಸಿಕ್ಕರೆ, ಹತ್ತು ಸಾವಿರಕ್ಕೆ ಹದಿನೆಂಟು, ಅಂದರೆ ಶೇಕಡಾ 0.18, ತಾಕು ಉಳಿಯಿತು. ಮೊದಲ ಎಣಿಕೆಯಲ್ಲಿಯೇ ಇಪ್ಪತ್ತೊಂದು ಸಿಕ್ಕಿದ್ದರೆ ಎರಡನೆಯ ಎಣಿಕೆಯ ಅಗತ್ಯವೇ ಇಲ್ಲ. ಆಗಲೂ ಕಿತ್ತು ಸರಿಪಡಿಸಬಹುದಾದ ದೋಷವಾದರೆ ಬೆಳೆಗಾರ ಬೆರಕೆ ಗಿಡಗಳನ್ನು ಬುಡಸಹಿತ ಕಿತ್ತು ಮರುತಪಾಸಣೆ ಕೇಳಿಕೊಳ್ಳಬಹುದು. ಅದರಲ್ಲಿಯೂ ಸೋತರೆ ಇಡೀ ಬೆಳೆ ಬೀಜದ ಬೆಲೆಯಿಂದ ಇಳಿದು ಸಾಮಾನ್ಯ ಭತ್ತವಾಗಿ ಮಾರಾಟವಾಗಬೇಕು. ಆದ್ದರಿಂದ ಬಲ್ಲ ಬೆಳೆಗಾರ ಅಧಿಕಾರಿ ಬರುವುದಕ್ಕೆ ಮೊದಲೇ, ಬೆಳಗಿನ ಬೆಳಕಿನಲ್ಲಿ ಸಾಲುಸಾಲಾಗಿ ನಡೆದು ಬೆರಕೆಯನ್ನು ಕೀಳಿಸಿರುತ್ತಾನೆ.

ಜಗಳೂರು, ನ್ಯಾಮತಿಗಳ ಮೆಕ್ಕೆಜೋಳದ ಹೊಲಕ್ಕೆ ಬಂದರೆ ಕಥೆಯೇ ಬೇರೆ. ಮೆಕ್ಕೆಜೋಳದ ಗಂಡು ಹೂವಾದ ಸೂಲಂಗಿ ಗಿಡದ ನೆತ್ತಿಯಲ್ಲಿದ್ದರೆ, ಹೆಣ್ಣು ಹೂವಿನ ರೇಷ್ಮೆಯಂಥ ಎಳೆಗಳು ನಡುವಿನ ತೆನೆಯಲ್ಲಿರುತ್ತವೆ. ಪರಾಗ ಗಾಳಿಯಲ್ಲಿ ತೇಲಿ ಬರುತ್ತದೆ. ಇಲ್ಲಿ ಮೂರು ಮೀಟರಿನ ಬದುವಿಗೆ ಅರ್ಥವಿಲ್ಲ. ಸಂಕರಣ ಬೀಜದ ತಾಕಿನ ಸುತ್ತ 200 ಮೀಟರಿನೊಳಗೆ ಬೇರೆ ಮೆಕ್ಕೆಜೋಳ ಇರಬಾರದೆಂಬುದು ಸಾಮಾನ್ಯ ನಿಯಮ. ಅಂಚಿನಲ್ಲಿ ಗಂಡು ಸಾಲುಗಳನ್ನು ಹೆಚ್ಚಾಗಿ ಹಾಕಿ ಈ ಅಂತರವನ್ನು ಕೊಂಚ ಕಡಿಮೆ ಮಾಡಿಕೊಳ್ಳಬಹುದು. ಊರಿಗೆ ಊರೇ ಮೆಕ್ಕೆಜೋಳ ಬಿತ್ತಿರುವ ಕಡೆ ಒಂಟಿ ರೈತನಿಗೆ ಇದು ಸುಲಭವಲ್ಲ. ಅಕ್ಕಪಕ್ಕದವರ ಒಪ್ಪಿಗೆಯೂ ಬೇಕಾಗುತ್ತದೆ. ಹೆಣ್ಣು ಸಾಲುಗಳ ಸೂಲಂಗಿಯನ್ನು ಪರಾಗ ಚೆಲ್ಲುವ ಮುನ್ನ ದಿನದಿನವೂ ಕೀಳಬೇಕು. ಹೆಣ್ಣು ಗಿಡಗಳಲ್ಲಿ ಶೇಕಡಾ ಐದರಷ್ಟಕ್ಕೆ ರೇಷ್ಮೆ ಎಳೆ ಮೂಡಿದ ಮೇಲೆ, ಅದೇ ಸಾಲುಗಳಲ್ಲಿ ಶೇಕಡಾ ಒಂದಕ್ಕಿಂತ ಹೆಚ್ಚು ಗಿಡಗಳು ಪರಾಗ ಚೆಲ್ಲುತ್ತಿದ್ದರೆ ತಾಕು ತಪಾಸಣೆಯಲ್ಲಿ ನಿಲ್ಲುವುದಿಲ್ಲ. ಒಮ್ಮೆ ಚೆಲ್ಲಿದ ಪರಾಗವನ್ನು ಹಿಂದಕ್ಕೆ ಕರೆಯಲಾಗದು. ಇಲ್ಲಿ ತಪಾಸಣೆ ನಾಲ್ಕು ಸಲ, ಅದರಲ್ಲಿ ಮೂರು ಹೂವಿನ ಕಾಲದಲ್ಲಿಯೇ ನಡೆಯುವುದು ಇದಕ್ಕಾಗಿ.

ಹೊಲದಲ್ಲಿ ಗೆದ್ದ ಬೀಜವನ್ನು ಸಂಸ್ಕರಣ ಘಟಕದಲ್ಲಿ ಶುದ್ಧಗೊಳಿಸಿ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಭತ್ತವಾದರೆ ನೂರಕ್ಕೆ ಎಂಬತ್ತಾದರೂ ಮೊಳೆಯಬೇಕು. ಸಾಧಾರಣ ಚೀಲದಲ್ಲಿ ತುಂಬುವುದಾದರೆ ತೇವಾಂಶ ಶೇಕಡಾ 13ನ್ನು ಮೀರಬಾರದು. ಅದಾದ ಮೇಲೆಯೇ ನೀಲಿ ಚೀಟಿ; ಅದರ ಅವಧಿ ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳು. ಮರುಪರೀಕ್ಷೆಯಲ್ಲಿ ಗೆದ್ದರೆ ಮುಂದೆಯೂ ವಿಸ್ತರಿಸಬಹುದು.

ಈ ಚೀಟಿ ಹೇಳದಿರುವುದೂ ಉಂಟು. ಮಳೆ ಬರುತ್ತದೆಂದಾಗಲಿ, ಇಳುವರಿ ಇಷ್ಟೇ ಬರುತ್ತದೆಂದಾಗಲಿ ಅದು ಮಾತು ಕೊಡುವುದಿಲ್ಲ. ಐದು ಸಾವಿರ ತೆನೆಗಳನ್ನು ನೋಡಿದ ಕಣ್ಣು ಐದು ಎಕರೆಯ ಎಲ್ಲ ತೆನೆಗಳನ್ನೂ ನೋಡಿದಂತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಎಲ್ಲ ಚೀಲಗಳಿಗೂ ಈ ತಪಾಸಣೆ ಕಡ್ಡಾಯವಲ್ಲ. ಮಾರುವವನೇ ಗುಣಮಟ್ಟವನ್ನು ಬರೆದು ಹೊಣೆ ಹೊರುವ ಹಸಿರು ಚೀಟಿಯ ಬೀಜವೂ ಉಂಟು. ಆದುದರಿಂದ ಬಿತ್ತುವವನು ಚೀಟಿಯ ಬಣ್ಣವನ್ನೂ ಅವಧಿಯ ದಿನಾಂಕವನ್ನೂ ನೋಡಿ ಕೊಳ್ಳಬೇಕು. ಬಿತ್ತಿದ ಮೇಲೆಯೂ ಚೀಟಿ, ರಸೀದಿಗಳ ಜೊತೆಗೆ ಒಂದು ಹಿಡಿ ಬೀಜವನ್ನು ಬೆಳೆ ಮನೆಗೆ ಬರುವವರೆಗೆ ಜೋಪಾನವಾಗಿಟ್ಟಿರಬೇಕು. ಗದ್ದೆಯಲ್ಲಿ ಬೆರಕೆ ತಲೆಯೆತ್ತಿದ ದಿನ ಅವನ ಪರವಾಗಿ ಸಾಕ್ಷಿ ನುಡಿಯುವುದು ಆ ಒಂದು ಹಿಡಿಯೇ.