ಹೋದ ತಿಂಗಳು ಸರಿಯಿದ್ದ ಲೆಕ್ಕದಲ್ಲಿ 180 ಶಿಲ್ಲಿಂಗ್ ವ್ಯತ್ಯಾಸ

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಹಾರ್ಡ್‌ವೇರ್ ಗೋಡೌನ್‌ನ ಲೆಕ್ಕ ನಾನು ನೋಡುತ್ತಿದ್ದೆ. ಅಲ್ಲಿ ಒಂದು ಮಾರ್ಚ್ ಕೊನೆಯಲ್ಲಿ ಬ್ಯಾಂಕ್ ರಿಕನ್ಸಿಲಿಯೇಶನ್ ತಾಳೆಯಾಗಲಿಲ್ಲ.

ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಕಾರ ಬಾಕಿ 8,42,315 ಶಿಲ್ಲಿಂಗ್. ನಾವು ಕೊಟ್ಟಿದ್ದು ಇನ್ನೂ ಪಾಸಾಗದ ಚೆಕ್‌ಗಳು ಮೂರು: 36,500, 12,750 ಮತ್ತು 58,400. ಒಟ್ಟು 1,07,650 ಕಳೆದರೆ 7,34,665 ಉಳಿಯಬೇಕು. ಕ್ಯಾಶ್ ಬುಕ್‌ನಲ್ಲಿ ಇದ್ದದ್ದು 7,34,845. ಅಂದರೆ 180 ಹೆಚ್ಚು.

ಎಲ್ಲರ ಕಣ್ಣೂ ಮೊದಲು ಪಾಸಾಗದ ಚೆಕ್‌ಗಳ ಮೇಲೆ ಬೀಳುತ್ತದೆ. ನಾನೂ ಅರ್ಧ ದಿನ ಅಲ್ಲೇ ಕಳೆದೆ. ಆದರೆ ಯೋಚಿಸಿ ನೋಡಿ: ಆ ಪಟ್ಟಿ ನಾವು ಮಾಡುವುದು ಕ್ಯಾಶ್ ಬುಕ್ ನೋಡಿಕೊಂಡೇ. ಬುಕ್‌ನಲ್ಲಿ ಮೊತ್ತ ತಪ್ಪಾಗಿದ್ದರೆ ಪಟ್ಟಿಯಲ್ಲೂ ಅದೇ ತಪ್ಪು ಇರುತ್ತದೆ, ಎರಡೂ ಕಡೆ ಅಷ್ಟೇ ಕಡಿಮೆಯಾಗುತ್ತದೆ. ವ್ಯತ್ಯಾಸ ಕಾಣುವುದೇ ಇಲ್ಲ. ಅದು ಹೊರಬರುವುದು ಚೆಕ್ ಪಾಸಾದ ತಿಂಗಳಲ್ಲಿ. ಹಾಗಾಗಿ ಈ ಪಟ್ಟಿಯ ಕೂಡುವಿಕೆ ಮತ್ತು ನಕಲು ಸರಿಯಿದೆಯೇ ಎಂದು ಒಮ್ಮೆ ನೋಡಿ ಮುಂದಕ್ಕೆ ಹೋಗಬೇಕು.

ಮುಂದೆ ನೋಡಬೇಕಾದದ್ದು ಬ್ಯಾಂಕ್ ಚಾರ್ಜ್. ಕೀನ್ಯಾದಲ್ಲಿ ಚಾರ್ಜಿನ ಮೇಲೆ ಎಕ್ಸೈಸ್ ಡ್ಯೂಟಿಯೂ ಬೀಳುತ್ತದೆ. ಅದನ್ನು ಬರೆಯದೆ ಬಿಟ್ಟರೂ ಬುಕ್ ಬಾಕಿ ಹೀಗೆಯೇ ಹೆಚ್ಚು ತೋರಿಸುತ್ತದೆ. ನಮ್ಮಲ್ಲಿ ಎರಡನ್ನೂ ಬರೆದಾಗಿತ್ತು.

ಆಮೇಲೆ ಫೆಬ್ರವರಿಯ ಪಾಸಾಗದ ಚೆಕ್ ಪಟ್ಟಿ ತೆಗೆದೆ. ಅದರಲ್ಲಿದ್ದು ಮಾರ್ಚ್‌ನಲ್ಲಿ ಪಾಸಾದ ಚೆಕ್‌ಗಳನ್ನು ನಂಬರ್ ಮಾತ್ರವಲ್ಲ, ಮೊತ್ತವನ್ನೂ ಸೇರಿಸಿ ಸ್ಟೇಟ್‌ಮೆಂಟ್ ಜೊತೆ ಹೋಲಿಸಿದೆ. ಒಂದು ಚೆಕ್ ಬುಕ್‌ನಲ್ಲಿ 23,680, ಬ್ಯಾಂಕ್‌ನಲ್ಲಿ 23,860. ಅಂಕಿ ಅದಲುಬದಲು! ಹೀಗೆ ಅಕ್ಕಪಕ್ಕದ ಎರಡು ಅಂಕಿ ಅದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 180 ಅಂದರೆ 9 ಇಪ್ಪತ್ತಲೆ. ಇದು ಸುಳಿವು ಮಾತ್ರ, ಸಾಕ್ಷಿಯಲ್ಲ. ಬೇರೆ ಕಾರಣಕ್ಕೂ 180 ಬರಬಹುದು.

ಸಾಕ್ಷಿ ಸಿಕ್ಕಿದ್ದು ಚೆಕ್ಕಿನ ಕೌಂಟರ್‌ಫಾಯಿಲ್ ಮತ್ತು ಸಪ್ಲೈಯರ್ ಬಿಲ್‌ನಲ್ಲಿ. ಎರಡರಲ್ಲೂ 23,860 ಇತ್ತು, ತಪ್ಪು ನಮ್ಮದೇ. ಸಪ್ಲೈಯರ್ ಖಾತೆಗೆ 180 ಡೆಬಿಟ್, ಬ್ಯಾಂಕ್ ಖಾತೆಗೆ ಕ್ರೆಡಿಟ್ ಮಾಡಿದೆ. ಚೆಕ್ಕಿನಲ್ಲೇ 23,680 ಎಂದಿದ್ದರೆ ಬುಕ್ ಮುಟ್ಟುವಂತಿರಲಿಲ್ಲ, ಬ್ಯಾಂಕನ್ನೇ ಕೇಳಬೇಕಿತ್ತು.

ನಿಜ ಹೇಳಬೇಕೆಂದರೆ, ಆ ಸಂಜೆ "ಬ್ಯಾಂಕ್ ಚಾರ್ಜ್" ಎಂದು 180 ಬರೆದು ಮುಗಿಸಿಬಿಡೋಣ ಅನಿಸಿತ್ತು. ಬರೆದಿದ್ದರೆ ರಿಕನ್ಸಿಲಿಯೇಶನ್ ತಾಳೆಯಾಗುತ್ತಿತ್ತು. ಆದರೆ ಸಪ್ಲೈಯರ್ ಲೆಡ್ಜರ್‌ನಲ್ಲಿ 180 ಕೊಡಬೇಕಾದ ಬಾಕಿಯಾಗಿ ಉಳಿದು, ಮುಂದೊಂದು ದಿನ ಅದೇ ಹಣವನ್ನು ಎರಡನೇ ಸಲ ಕೊಡುತ್ತಿದ್ದೆವು.