ಆಪರೇಷನ್‌ನ ಹಿಂದಿನ ರಾತ್ರಿ

ಪ್ರಶ್ನೆ: ಆಪರೇಷನ್‌ಗೆ ಹೆದರಿದ ರೋಗಿಯ ಪಕ್ಕ ನರ್ಸ್ ಕೂತರೆ ಏನು ಪ್ರಯೋಜನ?

ಉತ್ತರ: ನರ್ಸಿಂಗ್ ಪಾಠಕ್ಕೆಂದು ಹೆಣೆದ ಈ ಕಥೆ ನೋಡಿ. ಜಯನಗರದ ಒಂದು ಆಸ್ಪತ್ರೆ, ರಾತ್ರಿ 2 ಗಂಟೆ. ಬೆಳಿಗ್ಗೆ ಪಿತ್ತಕೋಶದ ಆಪರೇಷನ್ ಇರುವ ಹಿರಿಯರೊಬ್ಬರು ಮತ್ತೆ ಮತ್ತೆ ಬೆಲ್ ಒತ್ತುತ್ತಿದ್ದಾರೆ.

ಸಿಸ್ಟರ್ ಮೊದಲು ನಾಡಿ, ಬಿಪಿ, ಉಸಿರು, ಶುಗರ್ ನೋಡಿದರು. ಚಡಪಡಿಕೆಗೆ ಕೆಲವೊಮ್ಮೆ ಭಯವಲ್ಲ, ಆಮ್ಲಜನಕ ಅಥವಾ ಶುಗರ್ ಇಳಿದದ್ದು ಕಾರಣವಾಗಿರುತ್ತದೆ. ಆಗ ಡಾಕ್ಟರನ್ನೇ ಕರೆಯಬೇಕು. ಇಲ್ಲಿ ಎಲ್ಲವೂ ಸರಿಯಿತ್ತು. ಸ್ಟೂಲ್ ಎಳೆದು ಕೂತು ಕೇಳಿದರು:

"ಯಾವುದಕ್ಕೆ ಭಯ ಆಗ್ತಿದೆ ಅಮ್ಮಾ?"

ಸ್ವಲ್ಪ ಹೊತ್ತು ಮೌನ. ಸಿಸ್ಟರ್ ಅವಸರಿಸಲಿಲ್ಲ.

"ಮಧ್ಯದಲ್ಲಿ ಎಚ್ಚರ ಆಗ್ಬಿಟ್ರೆ?"

"ಹಾಗಾಗೋದು ತುಂಬಾ ಅಪರೂಪ. ಅರಿವಳಿಕೆ ಡಾಕ್ಟರು ಮುಗಿಯೋವರೆಗೂ ಪಕ್ಕದಲ್ಲೇ ಇದ್ದು ನಿಮ್ಮನ್ನ ನೋಡ್ಕೋತಾರೆ. ನಿಮ್ಮ ಪ್ರಶ್ನೆ ಬರೆದಿಡ್ತೀನಿ, ಬೆಳಿಗ್ಗೆ ಅವರೇ ಮಾತಾಡ್ತಾರೆ. ನಾನು 3 ಗಂಟೆಗೆ ಮತ್ತೆ ಬರ್ತೀನಿ."

ಹೇಳಿದ ಹೊತ್ತಿಗೆ ಬಂದರು ಕೂಡ.

"ಏನೂ ಆಗಲ್ಲ, ಮಲಗಿ" ಎಂದಿದ್ದರೆ ಮಾತು ಅಲ್ಲೇ ನಿಲ್ಲುತ್ತಿತ್ತು, ನಿಜವಾದ ಭಯ ಹೊರಬರುತ್ತಿರಲಿಲ್ಲ. ಹೆಸರಿಟ್ಟು ಹೇಳಿದ ಭಯಕ್ಕೆ ಉತ್ತರ ಕೊಡಬಹುದು, ಅದನ್ನು ಸರಿಯಾದ ಡಾಕ್ಟರಿಗೆ ತಲುಪಿಸಬಹುದು. ಕೊಟ್ಟ ಮಾತಿನಂತೆ ಮರಳಿ ಬರುವುದೂ ಈ ಆರೈಕೆಯ ಭಾಗವೇ. ಯಾರೋ ಬರುತ್ತಾರೆಂದು ಗೊತ್ತಿರುವ ರೋಗಿ ಬೆಲ್ ಹಿಡಿದು ಕಾಯಬೇಕಿಲ್ಲ.