ರಜೆಗೆ ಮುಂಚಿನ ಒಂದು ಹಾಳೆ

ದಸರಾ ರಜೆಗೆ ಎರಡು ದಿನ ಇರುವಾಗ ನಮ್ಮ ಶಾಲೆಯಿಂದ ಒಂದು ಹಾಳೆ ಮನೆಮನೆಗೆ ಹೋಗುತ್ತದೆ. ಎರಡೂ ಬದಿ ಜೆರಾಕ್ಸ್ ಮಾಡಿದ ವಾರ್ತಾಪತ್ರ ಅದು. ಜೂನ್‌ನಿಂದ ಈಚೆಗೆ ಮಕ್ಕಳು ಏನು ಕಲಿತರು, ರಜೆ ಮುಗಿದ ಮೇಲೆ ಏನೇನಿದೆ ಎಂದು ಮೊದಲ ಪುಟದ ಸಂಪಾದಕೀಯ ಹೇಳಬೇಕು. ಎಂಟನೇ ತರಗತಿವರೆಗಿನ ಸರ್ಕಾರಿ ಶಾಲೆಯ ಕನ್ನಡ ಮೇಷ್ಟರಾದ್ದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ವರ್ಷ ನಾನು ಎಲ್ಲರೂ ಬರೆಯುವಂತೆ ಬರೆದೆ. ಎಸ್‌ಡಿಎಂಸಿಯವರಿಗೆ ಕೃತಜ್ಞತೆ, ನೋಟ್‌ಬುಕ್ ಕೊಟ್ಟ ದಾನಿಗಳಿಗೆ ವಂದನೆ, ಸ್ವಾತಂತ್ರ್ಯ ದಿನದ ವರ್ಣನೆ. ಆರನೇ ಪ್ಯಾರಾದಲ್ಲಿ, ಎನ್‌ಎಂಎಂಎಸ್ ಪರೀಕ್ಷೆಗೆ ಅರ್ಹರು ಅಗತ್ಯ ದಾಖಲೆಗಳೊಂದಿಗೆ ಸಿದ್ಧರಿರಬೇಕು ಎಂಬ ಒಂದು ಸಾಲು. ಎಂಟನೇ ತರಗತಿಯ ಒಬ್ಬ ಹುಡುಗಿಯ ಮನೆಯವರು ಆದಾಯ ಪ್ರಮಾಣಪತ್ರಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಅದು ಕೈಗೆ ಬರುವಷ್ಟರಲ್ಲಿ ಕೊನೆಯ ದಿನ ದಾಟಿತ್ತು. ಈ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ, ನಾಲ್ಕು ವರ್ಷಕ್ಕೆ 48,000. ಅವಳು ಆಯ್ಕೆಯಾಗುತ್ತಿದ್ದಳೋ ಇಲ್ಲವೋ, ಪರೀಕ್ಷೆಗೆ ಕೂರುವುದೇ ತಪ್ಪಿತು. ಅವಳ ತಾಯಿ ಹಾಳೆಯನ್ನು ಮಡಿಸಿ ತಂದಿದ್ದರು. ‘ಇದ್ರಲ್ಲಿ ಎಲ್ಲಿ ಬರ್ದಿದ್ರಿ ಸಾರ್?’ ಎಂದಾಗ ತೋರಿಸಲು ನಾನೇ ಹುಡುಕಬೇಕಾಯಿತು.

ಆಮೇಲೆ ಹಾಳೆಯನ್ನು ತಲೆಕೆಳಗು ಮಾಡಿದೆ. ಮನೆಯವರು ಏನಾದರೂ ಮಾಡಬೇಕಾದ ವಿಷಯ ಈಗ ಮೊದಲು ಬರುತ್ತದೆ, ವಂದನೆ ಕೊನೆಗೆ. ಆ ಸಾಲು ಈಗ ಹೀಗಿದೆ: ‘ಮಗು ಎಂಟನೇ ತರಗತಿಯಲ್ಲಿದ್ದು, ಏಳರಲ್ಲಿ ನೂರಕ್ಕೆ 55 ಅಂಕ ಪಡೆದಿದ್ದರೆ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದಿದ್ದರೆ, ರಜೆಯಲ್ಲೇ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ 50 ಅಂಕ ಸಾಕು.’ ಇಲಾಖೆ ದಿನಾಂಕ ತಿಳಿಸಿರದಿದ್ದರೆ ಇನ್ನೂ ತಿಳಿಸಿಲ್ಲ ಎಂದೇ ಬರೆಯುತ್ತೇನೆ. ಅಂದಾಜಿನ ದಿನಾಂಕ ಹಾಕಿದರೆ ಜನ ಅದನ್ನೇ ನಂಬಿ ಕೂರುತ್ತಾರೆ. ರಾಜ್ಯೋತ್ಸವ, ಮಕ್ಕಳ ದಿನಾಚರಣೆಗೆ ಒಂದೊಂದು ಸಾಲು ಸಾಕು, ನವೆಂಬರ್ 1 ಮತ್ತು 14 ಎಲ್ಲರಿಗೂ ಗೊತ್ತು. ಪೋಷಕರ ಸಭೆಗೆ ಮಾತ್ರ ತಾರೀಖಿನ ಜೊತೆ ವಾರ, ಗಂಟೆ ಎರಡೂ ಬೇಕು. ಕೂಲಿಗೆ ಹೋಗುವವರು ಆ ದಿನದ ಕೆಲಸ ಬಿಟ್ಟು ಬರಬೇಕಲ್ಲ.

ಸಾಧನೆ ಬರೆಯುವುದು ಇನ್ನೂ ಕಷ್ಟ. ‘ಪ್ರತಿಭಾ ಕಾರಂಜಿಯಲ್ಲಿ ನಮ್ಮ ಮಕ್ಕಳು ಅಮೋಘ ಸಾಧನೆಗೈದು ಶಾಲೆಯ ಕೀರ್ತಿ ಹೆಚ್ಚಿಸಿದ್ದಾರೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕ್ಲಸ್ಟರ್ ಮಟ್ಟಕ್ಕೆ ಎಷ್ಟು ಮಕ್ಕಳು ಹೋದರು, ಕಂಠಪಾಠದಲ್ಲಿ ಮೊದಲು ಬಂದವರು ಯಾರು, ಅವರು ತಾಲ್ಲೂಕು ಮಟ್ಟಕ್ಕೆ ಯಾವತ್ತು ಹೋಗಬೇಕು ಎಂದು ಬರೆದರೆ ಮೂರು ಸಾಲಲ್ಲಿ ಮುಗಿಯುತ್ತದೆ.

ಸ್ಪರ್ಧೆಗೆ ಹೋದವರು ಹತ್ತೋ ಹನ್ನೆರಡೋ ಮಕ್ಕಳು. ಉಳಿದವರ ಮನೆಗೂ ಇದೇ ಹಾಳೆ ಹೋಗುತ್ತದೆ. ಅವರಿಗಾಗಿ ಹೋದ ವರ್ಷ ಹೀಗೆ ಬರೆದೆ: ‘ನಾಲ್ಕನೇ ತರಗತಿಯ 22 ಮಕ್ಕಳಲ್ಲಿ ಒತ್ತಕ್ಷರವಿರುವ ವಾಕ್ಯವನ್ನು ತಡವರಿಸದೆ ಓದುತ್ತಿದ್ದವರು ಜೂನ್‌ನಲ್ಲಿ 9 ಮಂದಿ, ಈಗ 16. ಮಿಕ್ಕವರಿಗೆ ಅಭ್ಯಾಸ ಬೇಕು. ರಜೆಯಲ್ಲಿ ದಿನಾ ಹತ್ತು ನಿಮಿಷ ಮಗುವಿನ ಕೈಲಿ ಗಟ್ಟಿಯಾಗಿ ಓದಿಸಿ. ನಿಮಗೆ ಓದು ಬರದಿದ್ದರೂ ಪರವಾಗಿಲ್ಲ, ಎಲ್ಲಿ ನಿಲ್ಲಿಸುತ್ತದೆ, ಎಲ್ಲಿ ದನಿ ತಗ್ಗಿಸುತ್ತದೆ ಎಂದು ಕೇಳಿಸಿಕೊಳ್ಳಿ. ಆ ಪದಕ್ಕೆ ಗೆರೆ ಹಾಕಿಸಿ ಶಾಲೆಗೆ ಕಳಿಸಿ.’

ಗೆದ್ದವರ ಹೆಸರು ಹಾಕುತ್ತೇನೆ, ಓದಲು ಕಷ್ಟಪಡುವವರದ್ದು ಹಾಕುವುದಿಲ್ಲ. ಹೆಸರು ಬಿಟ್ಟರೂ ಸಾಲದು ಎಂದು ಆಮೇಲೆ ಹೊಳೆಯಿತು. ತರಗತಿಯಲ್ಲಿ ಒಬ್ಬರೋ ಇಬ್ಬರೋ ಹಿಂದಿದ್ದರೆ ಬರೀ ಸಂಖ್ಯೆ ಸಾಕು, ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಅಂಥದ್ದನ್ನು ಹಾಳೆಗೆ ತರದೆ ಆ ಮನೆಯವರ ಹತ್ತಿರವೇ ಮಾತಾಡುತ್ತೇನೆ.

ಇಷ್ಟೆಲ್ಲ ಮಾಡಿ, ಎಲ್ಲ ಸ್ಪಷ್ಟವಾಯಿತು ಅಂದುಕೊಂಡಿದ್ದೆ. ಹೋದ ದಸರಾ ರಜೆಯಲ್ಲಿ ಒಬ್ಬ ತಂದೆ ಹಾಳೆ ಹಿಡಿದು ಮನೆಗೇ ಬಂದರು. ಮೊದಲ ಪ್ಯಾರಾಕ್ಕೆ ಪೆನ್ನಿನಿಂದ ಗೆರೆ ಎಳೆದಿದ್ದರು. ‘ಮೇಷ್ಟ್ರೇ, ಬಿಪಿಎಲ್ ಕಾರ್ಡ್ ಐತಲ್ಲ, ಮತ್ತೆ ಆದಾಯದ್ದು ಯಾಕೆ?’ ಕಾರ್ಡ್ ಸಾಲದು, ಪ್ರಮಾಣಪತ್ರವೇ ಬೇಕು ಎಂದೆ. ಈ ವರ್ಷದ ಹಾಳೆಯಲ್ಲಿ ಆ ಮಾತಿಗೂ ಒಂದು ಸಾಲು ಕೊಟ್ಟಿದ್ದೇನೆ. ಅದಕ್ಕೆ ಜಾಗ ಮಾಡಲು ವಂದನೆಯಲ್ಲಿ ಒಂದು ಸಾಲು ಕಳೆದೆ.